ಹಳೇ ವರ್ಷನ್ ತೆರೆದರೂ ಹೊಸ ಬದಲಾವಣೆಯೇ ಕಾಣುತ್ತಿದೆ: ಪ್ರೀಮಿಯರ್ ಪ್ರೋ ಪ್ರಾಜೆಕ್ಟಿನಲ್ಲಿ ದೋಷ ಹುಡುಕುವುದು, ಹೋದದ್ದನ್ನು ಮರಳಿ ಪಡೆಯುವುದು

ಮದುವೆ ಫಿಲ್ಮ್ ಒಂದರ ಮೂರನೇ ವರ್ಷನ್ ಮನೆಯವರಿಗೆ ಒಪ್ಪಿಗೆಯಾಗಿತ್ತು. ಒಟ್ಟು 24 ನಿಮಿಷದ ಫಿಲ್ಮ್. ಎರಡು ವಾರ ಕಳೆದ ಮೇಲೆ, ನನಗೆ ಎಡಿಟಿಂಗ್ ಕೆಲಸ ಕಳಿಸುವ ಸ್ಟುಡಿಯೋದವರು ಫೋನ್ ಮಾಡಿದರು. "ಅಣ್ಣಾ, ಧಾರೆ ಭಾಗ ಉದ್ದ ಆಯ್ತಂತೆ, ಎರಡು ನಿಮಿಷ ಇಳಿಸಿಕೊಡಿ. ಕೊನೇ ಹಾಡೂ ಬದಲಾಗಬೇಕಂತೆ." ನಾನು `V03` ಸೀಕ್ವೆನ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ `Duplicate` ಕೊಟ್ಟು, ನಕಲಿಗೆ `V04` ಎಂದು ಹೆಸರಿಟ್ಟೆ. ಶನಿವಾರ ಸಂಜೆ ಮೂರು ಗಂಟೆ, ಭಾನುವಾರ ಬೆಳಿಗ್ಗೆ ಎರಡು ಗಂಟೆ ಕೂತು ಕೆಲಸ ಮುಗಿಸಿ ಕಳಿಸಿದೆ. ಹಳೆಯದು `V03`ಯಲ್ಲಿ ಹಾಗೇ ಉಳಿದಿದೆ ಎನ್ನುವ ಧೈರ್ಯವಿತ್ತು.

ಸೋಮವಾರ ಮತ್ತೆ ಫೋನ್. "ಅಜ್ಜಿ ಅಕ್ಷತೆ ಹಾಕೋದೇ ಹೋಗ್ಬಿಟ್ಟಿದೆ ಅಂತ ಮನೇಲಿ ಬೇಜಾರು ಮಾಡ್ಕೊಂಡಿದಾರೆ. ಧಾರೆ ಮೊದಲಿನ ಹಾಗೇ ಇರ್ಲಿ, ಹಾಡು ಮಾತ್ರ ಹೊಸದು." ಸರಿ ಎಂದು `V03` ತೆರೆದೆ. ಅದರಲ್ಲೂ ಧಾರೆ ಮೊಟಕಾಗಿತ್ತು. ಮೊದಲ ನಾಲ್ಕು ನಿಮಿಷ ಹೊಸ ಕಟ್, ಆಮೇಲೆ ಎರಡು ನಿಮಿಷ ಕಪ್ಪು ಪರದೆ, ಹಿನ್ನೆಲೆಯಲ್ಲಿ ನಾದಸ್ವರ ಮಾತ್ರ. ಕೊನೆಯ ಹಾಡೂ ಹೊಸದೇ ಆಗಿತ್ತು. ಎರಡು ವಾರದ ಹಿಂದೆ ಕಳಿಸಿದ `V03` ನನ್ನ ಪ್ರಾಜೆಕ್ಟಿನಲ್ಲಿ ಎಲ್ಲಿಯೂ ಇರಲಿಲ್ಲ.

ನಕಲು ಮಾಡಿಟ್ಟದ್ದು ಯಾಕೆ ಬದಲಾಯಿತು, ಯಾವ ಗುರುತಿನಿಂದ ಯಾವ ಕಾರಣ ಹಿಡಿಯಬಹುದು, ಮರಳಿ ತರುವ ದಾರಿ ಯಾವುದು ಎನ್ನುವುದನ್ನು ಆ ಕೆಲಸವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ಹೇಳಿದ್ದೆಲ್ಲ ವಿಂಡೋಸ್‌ನಲ್ಲಿ ಪ್ರೀಮಿಯರ್ ಪ್ರೋ ಬಳಸುವವರಿಗೆ.

ಏನನ್ನೂ ಹುಡುಕುವ ಮೊದಲು

ಗಾಬರಿಯಲ್ಲಿ ಅನ್‌ಡೂ ಒತ್ತುತ್ತಾ ಕೂರಬೇಡಿ, ಸೇವ್ ಮಾಡಬೇಡಿ. ಪ್ರಾಜೆಕ್ಟನ್ನು ಸೇವ್ ಮಾಡದೆ ಮುಚ್ಚಿ. ಆಮೇಲೆ ಪ್ರಾಜೆಕ್ಟ್ ಫೈಲ್ ಇರುವ ಜಾಗಕ್ಕೆ ಹೋಗಿ, ಪಕ್ಕದಲ್ಲಿರುವ `Adobe Premiere Pro Auto-Save` ಫೋಲ್ಡರನ್ನು ಇಡಿಯಾಗಿ ಬೇರೆ ಕಡೆ ನಕಲು ಮಾಡಿಕೊಳ್ಳಿ. ಅದು ಅಲ್ಲಿ ಕಾಣದಿದ್ದರೆ ಪ್ರಾಜೆಕ್ಟನ್ನು ಮತ್ತೆ ತೆರೆದು `File > Project Settings > Scratch Disks`ನಲ್ಲಿ `Project Auto Save` ಎದುರು ಯಾವ ಜಾಗ ಬರೆದಿದೆ ನೋಡಿ, ಅಲ್ಲಿ ಸಿಗುತ್ತದೆ.

ಇದಕ್ಕೆ ಇಷ್ಟು ಅವಸರ ಯಾಕೆಂದರೆ, ಆಟೋಸೇವ್ ಇಟ್ಟುಕೊಳ್ಳುವುದು ಸಾಮಾನ್ಯವಾಗಿ 20 ಪ್ರತಿಗಳನ್ನು ಮಾತ್ರ. ಇಪ್ಪತ್ತೊಂದನೆಯದು ಬಂದಾಗ ಮೊದಲನೆಯದು ಅಳಿಯುತ್ತದೆ. ಈಗಿನ ಆವೃತ್ತಿಗಳಲ್ಲಿ ಐದೈದು ನಿಮಿಷಕ್ಕೆ ಒಂದು ಪ್ರತಿ ಬೀಳುವ ಹಾಗೆ ಇಟ್ಟಿರುತ್ತಾರೆ. ಅಂದರೆ ಒಂದೇ ಸಮ ಕೆಲಸ ಮಾಡಿದರೆ 100 ನಿಮಿಷಕ್ಕಿಂತ ಹಿಂದಿನದು ಆ ಫೋಲ್ಡರಿನಲ್ಲಿ ಇರುವುದಿಲ್ಲ. ಹಳೆಯ ಆವೃತ್ತಿಗಳಲ್ಲಿದ್ದಂತೆ 15 ನಿಮಿಷಕ್ಕೆ ಒಂದಾದರೂ ಐದು ಗಂಟೆಗೆ ಮುಗಿಯಿತು. ಆಟೋಸೇವ್ ಇರುವುದು ಕರೆಂಟ್ ಹೋದಾಗ, ಸಾಫ್ಟ್‌ವೇರ್ ಸಿಕ್ಕಿಕೊಂಡಾಗ ಕೈ ಹಿಡಿಯಲಿಕ್ಕೆ. ಕ್ಲೈಂಟ್ ಎರಡು ವಾರ ಬಿಟ್ಟು ಮನಸ್ಸು ಬದಲಾಯಿಸಿದಾಗ ಅದು ಉಪಯೋಗಕ್ಕೆ ಬರುವುದು ಅಪರೂಪ. ನನ್ನ ಕೆಲಸದಲ್ಲಿ ಐದು ಗಂಟೆ ಕಟ್ ಮಾಡಿದ್ದೆ. ಫೋಲ್ಡರಿನಲ್ಲಿದ್ದ ಅತಿ ಹಳೆಯ ಪ್ರತಿ ಭಾನುವಾರ ಬೆಳಿಗ್ಗೆಯದು, ಅಷ್ಟರಲ್ಲಿ ಧಾರೆ ಆಗಲೇ ಮೊಟಕಾಗಿತ್ತು.

ನಿಮ್ಮ ಬದಲಾವಣೆ ಸಣ್ಣದಾಗಿದ್ದರೆ ಹಳೆಯದು ಇನ್ನೂ ಉಳಿದಿರಬಹುದು. ಆಟೋಸೇವ್ ಫೈಲಿನ ಹೆಸರಿನ ಕೊನೆಯಲ್ಲಿ ದಿನಾಂಕ, ಗಂಟೆ, ನಿಮಿಷ ಇರುತ್ತದೆ. ಬದಲಾವಣೆ ಶುರು ಮಾಡಿದ ಹೊತ್ತಿಗಿಂತ ಮುಂಚಿನ ಒಂದು ಸಿಕ್ಕರೆ, ನಕಲು ಮಾಡಿಕೊಂಡ ಫೋಲ್ಡರಿನಿಂದ ಅದನ್ನು ತೆರೆದು, ತಕ್ಷಣ `Save As` ಕೊಟ್ಟು ಬೇರೆ ಹೆಸರಿಡಿ. ಅಷ್ಟಾದರೆ ನಿಮ್ಮ ತೊಂದರೆ ತೀರಿತು. ಸಿಗದಿದ್ದರೆ ಮುಂದಕ್ಕೆ ಓದಿ.

ಬದಲಾದದ್ದು ಏನು, ಅದು ಎಲ್ಲಿ ವಾಸ ಮಾಡುತ್ತದೆ

ಟೈಮ್‌ಲೈನಿನಲ್ಲಿ ಕಾಣುವುದೆಲ್ಲ ಟೈಮ್‌ಲೈನಿನಲ್ಲೇ ಇದೆ ಎಂದು ನಮಗೆ ಅನ್ನಿಸುತ್ತದೆ. ಹಾಗಿಲ್ಲ. ಕಟ್‌ಗಳು, ಕ್ಲಿಪ್ಪಿನ ಮೇಲೆ ನೇರವಾಗಿ ಹಾಕಿದ ಬಣ್ಣ, ವಾಲ್ಯೂಮಿನ ಏರಿಳಿತ ಇವು ಆಯಾ ಸೀಕ್ವೆನ್ಸಿಗೆ ಸೇರಿದವು. ನಕಲು ಮಾಡಿದರೆ ಇವೂ ನಕಲಾಗುತ್ತವೆ, ಒಂದರಲ್ಲಿ ಮುಟ್ಟಿದ್ದು ಇನ್ನೊಂದಕ್ಕೆ ತಾಗುವುದಿಲ್ಲ. ಎರಡನೆಯ ಬಗೆಯವು ಪ್ರಾಜೆಕ್ಟಿನ ಒಳಗಿದ್ದು ಎಲ್ಲ ಸೀಕ್ವೆನ್ಸುಗಳೂ ಹಂಚಿಕೊಳ್ಳುವಂಥವು. ಇನ್ನೊಂದು ಸೀಕ್ವೆನ್ಸಿನೊಳಗೆ ಕ್ಲಿಪ್ಪಿನ ಹಾಗೆ ನೆಸ್ಟ್ ಮಾಡಿದ ಸೀಕ್ವೆನ್ಸ್, ಮಲ್ಟಿಕ್ಯಾಮ್ ಸೋರ್ಸ್, ಕ್ಲಿಪ್ಪಿನ ಮೂಲಕ್ಕೇ ಹಾಕಿದ ಎಫೆಕ್ಟ್ ಈ ಗುಂಪಿನವು. ಮೂರನೆಯವು ಪ್ರಾಜೆಕ್ಟಿನ ಹೊರಗೆ ಡಿಸ್ಕ್ ಮೇಲಿರುವ ಫೈಲುಗಳು: ಹಾಡು, ಫೋಟೋ, ಲೋಗೋ, ಫೂಟೇಜ್. ಪ್ರಾಜೆಕ್ಟ್ ಫೈಲಿನಲ್ಲಿ ಇವುಗಳ ವಿಳಾಸ ಮಾತ್ರ ಇರುತ್ತದೆ.

ದೋಷ ಹುಡುಕುವಾಗ ಕೇಳಬೇಕಾದದ್ದು ಇದೊಂದೇ: ಹಾಳಾದದ್ದು ಈ ಮೂರರಲ್ಲಿ ಎಲ್ಲಿ ವಾಸ ಮಾಡುತ್ತಿತ್ತು?

ನೆಸ್ಟಿನ ಉದ್ದ ಕಡಿಮೆಯಾಗಿದ್ದರೆ ಅದಕ್ಕೆ ತಪ್ಪದ ಗುರುತೊಂದಿದೆ. ಹಳೆಯ ಸೀಕ್ವೆನ್ಸಿನಲ್ಲಿ ಆ ಕ್ಲಿಪ್ಪಿನ ಉದ್ದ ಮೊದಲಿನಷ್ಟೇ ಇರುತ್ತದೆ, ಆದರೆ ಬಾಲದ ಕಡೆ ಓರೆ ಗೆರೆಗಳು ಕಾಣುತ್ತವೆ. ಹೊರಗಿನ ಸೀಕ್ವೆನ್ಸ್ ಆರು ನಿಮಿಷ ಕೇಳುತ್ತಿದೆ, ಒಳಗಿನ ನೆಸ್ಟಿನಲ್ಲಿ ನಾಲ್ಕೇ ನಿಮಿಷ ಉಳಿದಿದೆ ಎಂದು ಅದರ ಅರ್ಥ. ನನ್ನ `V03`ಯಲ್ಲಿ ಕಪ್ಪು ಪರದೆ ಬಂದದ್ದು ಇದಕ್ಕೇ. ಅರಿಶಿನ, ವರಪೂಜೆ, ಧಾರೆ, ಆರತಕ್ಷತೆ ಎಂದು ಒಂದೊಂದು ಶಾಸ್ತ್ರವನ್ನೂ ಒಂದೊಂದು ನೆಸ್ಟ್ ಮಾಡಿಕೊಂಡು ಮುಖ್ಯ ಟೈಮ್‌ಲೈನ್ ಕಟ್ಟುವುದು ನನ್ನ ರೂಢಿ. ಮುಖ್ಯ ಟೈಮ್‌ಲೈನನ್ನು ನಕಲು ಮಾಡಿದಾಗ ಧಾರೆ ನೆಸ್ಟ್ ನಕಲಾಗಲಿಲ್ಲ. `V03`, `V04` ಎರಡೂ ಒಂದೇ ನೆಸ್ಟನ್ನು ನೋಡುತ್ತಿದ್ದವು. ನಾನು ಅದರ ಮೇಲೆ ಡಬಲ್ ಕ್ಲಿಕ್ ಮಾಡಿ ಒಳಗೆ ಹೋಗಿ ಕಟ್ ಮಾಡಿದೆ, ಎರಡೂ ಕಡೆ ಕತ್ತರಿ ಬಿತ್ತು. ನೆಸ್ಟಿನೊಳಗೆ ಉದ್ದ ಕಡಿಮೆ ಮಾಡದೆ ಬರೀ ಶಾಟ್ ಅದಲು ಬದಲು ಮಾಡಿದ್ದರೆ ಓರೆ ಗೆರೆ ಬರುವುದಿಲ್ಲ. ಆಗ ಇದು ಇನ್ನೂ ಕಪಟಿ ದೋಷ, ಪ್ಲೇ ಮಾಡಿ ನೋಡಿದರೆ ಮಾತ್ರ ತಿಳಿಯುತ್ತದೆ.

ಮಲ್ಟಿಕ್ಯಾಮ್ ವಿಷಯದಲ್ಲಿ ಅರ್ಧ ಸಮಾಧಾನವಿದೆ. ಧಾರೆಯಂಥ ಕಡೆ ಮೂರು ಕ್ಯಾಮೆರಾ ಓಡಿಸಿ ಮಲ್ಟಿಕ್ಯಾಮ್ ಮಾಡಿದ್ದರೆ, ಎಲ್ಲಿ ಯಾವ ಕ್ಯಾಮೆರಾ ಎನ್ನುವ ಆಯ್ಕೆ ಟೈಮ್‌ಲೈನಿನ ಕ್ಲಿಪ್ಪಿನಲ್ಲೇ ಇರುತ್ತದೆ, ನಕಲಿನ ಜೊತೆ ಬರುತ್ತದೆ. ಆದರೆ ಸೋರ್ಸಿನ ಒಳಗೆ ಹೋಗಿ ಸಿಂಕ್ ಸರಿಸಿದರೆ, ಅಲ್ಲಿಯೇ ಬಣ್ಣ ಹಾಕಿದರೆ, ಅದು ಹಳೆಯ ಎಲ್ಲ ವರ್ಷನ್‌ಗಳಿಗೂ ಹರಡುತ್ತದೆ.

ಕಟ್ ಎಲ್ಲ ಸರಿಯಿದ್ದು ಒಂದು ಕ್ಯಾಮೆರಾದ ಬಣ್ಣ ಮಾತ್ರ ಎಲ್ಲ ವರ್ಷನ್‌ಗಳಲ್ಲೂ ಒಟ್ಟಿಗೆ ಬದಲಾಗಿದ್ದರೆ, ಎಫೆಕ್ಟನ್ನು ಮೂಲ ಕ್ಲಿಪ್ಪಿಗೆ ಹಾಕಿದ್ದೀರಿ. `Effect Controls` ಪ್ಯಾನೆಲಿನ ಮೇಲ್ತುದಿಯಲ್ಲಿ ಎರಡು ಹೆಸರು ಕಾಣುತ್ತವೆ. ಎಡಗಡೆಯದು `Source`, ಅಲ್ಲಿ ಹಾಕಿದ್ದು ಆ ಕ್ಲಿಪ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕಾಣುತ್ತದೆ.

ಇನ್ನು ಹಾಡು. ಸ್ಟುಡಿಯೋದವರು ಕಳಿಸಿದ ಹೊಸ ಹಾಡಿಗೂ ನಾನು `song_end.wav` ಎಂದೇ ಹೆಸರಿಟ್ಟು, ಹಳೆಯ ಫೈಲಿನ ಮೇಲೆಯೇ ಹಾಕಿದ್ದೆ. ಟೈಮ್‌ಲೈನಿನಲ್ಲಿ ಏನೂ ಮುಟ್ಟದೆ ಹಾಡು ಬದಲಾಗುತ್ತದಲ್ಲ ಎಂಬ ಅನುಕೂಲಕ್ಕೆ. ಪ್ರೀಮಿಯರ್ ನೋಡುವುದು ವಿಳಾಸವನ್ನು, ಆ ವಿಳಾಸದಲ್ಲಿ ಯಾರಿದ್ದಾರೆ ಎಂದು ವಿಚಾರಿಸುವುದಿಲ್ಲ. ಹಾಗಾಗಿ ಹಿಂದಿನ ಎಲ್ಲ ವರ್ಷನ್‌ಗಳಲ್ಲೂ ಹೊಸ ಹಾಡು ಕೇಳಿಸತೊಡಗಿತು. ಇದನ್ನು ಹಿಡಿಯುವುದು ಸುಲಭ. ಬಿನ್‌ನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ `Reveal in Explorer` ಕೊಡಿ, ಮಾರ್ಪಾಡಾದ ದಿನಾಂಕ ನೋಡಿ. ಆ ವರ್ಷನ್ ಕಳಿಸಿದ ದಿನಕ್ಕಿಂತ ಈಚಿನ ದಿನಾಂಕ ಇದ್ದರೆ ಫೈಲೇ ಬದಲಾಗಿದೆ. ಹೀಗಾದಾಗ ಪ್ರಾಜೆಕ್ಟ್ ಫೈಲಿನ ಎಷ್ಟೇ ಹಳೆಯ ಪ್ರತಿ ತೆರೆದರೂ ಪ್ರಯೋಜನವಿಲ್ಲ, ಹಳೆಯ ಹಾಡಿನ ಫೈಲನ್ನೇ ಹುಡುಕಬೇಕು. ಹೆಸರು, ದಿನಾಂಕದ ಟೈಟಲ್ ಕಾರ್ಡನ್ನು ಫೋಟೋಶಾಪಿನಲ್ಲಿ ಮಾಡಿ ಅದೇ ಹೆಸರಿನ ಮೇಲೆ ಸೇವ್ ಮಾಡುವವರಿಗೂ, ಆಫ್ಟರ್ ಎಫೆಕ್ಟ್ಸ್ ಕಾಂಪೊಸಿಷನನ್ನು ನೇರವಾಗಿ ಪ್ರೀಮಿಯರಿಗೆ ಜೋಡಿಸಿಕೊಂಡವರಿಗೂ ಇದೇ ಆಗುತ್ತದೆ.

ಧಾರೆಯನ್ನು ಮರಳಿ ತಂದದ್ದು

ಆಟೋಸೇವ್ ಕೈಕೊಟ್ಟ ಮೇಲೆ, ಆ ಪ್ರಾಜೆಕ್ಟ್ ಫೈಲ್ ನನ್ನ ಕಂಪ್ಯೂಟರಿನಿಂದ ಹೊರಗೆ ಯಾವಾಗಲಾದರೂ ಹೋಗಿತ್ತೇ ಎಂದು ಯೋಚಿಸಿದೆ. ಹೋಗಿತ್ತು. ಎರಡನೇ ವರ್ಷನ್ ಹೊತ್ತಿಗೆ ಸೌಂಡ್ ಸರಿಮಾಡಿಕೊಡುವ ಗೆಳೆಯರಿಗೆ ಮೇಲ್‌ನಲ್ಲಿ ಕಳಿಸಿದ್ದೆ. ಪ್ರಾಜೆಕ್ಟ್ ಫೈಲ್ ಕೆಲವು ಎಂಬಿ ಮಾತ್ರ, ಮೇಲ್‌ನಲ್ಲಿ ಹಾಗೇ ಕೂತಿತ್ತು. ನೀವೂ ಮೇಲ್, ವಾಟ್ಸಾಪ್, ಹಳೆಯ ಪೆನ್‌ಡ್ರೈವ್ ಎಲ್ಲದರಲ್ಲೂ `.prproj` ಎಂದು ಹುಡುಕಿ ನೋಡಿ.

ಅದನ್ನು ಇಳಿಸಿಕೊಂಡು ತೆರೆದೆ. ಧಾರೆ ನೆಸ್ಟ್ 6 ನಿಮಿಷ ಚಿಲ್ಲರೆ ಪೂರ್ತಿ ಇತ್ತು. ಅದೇ ಪ್ರಾಜೆಕ್ಟಿನಲ್ಲಿ ನೆಸ್ಟಿಗೆ `Dhare_from_V02` ಎಂದು ಹೆಸರು ಬದಲಿಸಿ, ಪ್ರಾಜೆಕ್ಟನ್ನು ಬೇರೆ ಹೆಸರಲ್ಲಿ ಸೇವ್ ಮಾಡಿದೆ. ಹೆಸರು ಮೊದಲೇ ಬದಲಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಒಂದೇ ಹೆಸರಿನ ಎರಡು ಧಾರೆ ಬಿನ್‌ನಲ್ಲಿ ಕೂತು, ಯಾವುದು ಹೊಸದು ಯಾವುದು ಹಳೆಯದು ತಿಳಿಯದೆ ಮತ್ತೊಮ್ಮೆ ತಪ್ಪಾಗುತ್ತದೆ. ಆಮೇಲೆ ಈಗಿನ ಪ್ರಾಜೆಕ್ಟ್ ತೆರೆದು `File > Import`ನಲ್ಲಿ ಆ ಹಳೆಯ `.prproj` ಆರಿಸಿದೆ. ಇಡೀ ಪ್ರಾಜೆಕ್ಟ್ ಬೇಕೋ, ಆರಿಸಿದ ಸೀಕ್ವೆನ್ಸ್ ಮಾತ್ರವೋ ಎಂದು ಕೇಳುತ್ತದೆ. ಧಾರೆ ಒಂದನ್ನೇ ತೆಗೆದುಕೊಂಡೆ.

ಈಗ ಕೈಯಲ್ಲಿದ್ದದ್ದು ಎರಡನೇ ವರ್ಷನ್ನಿನ ಧಾರೆ. ಮನೆಯವರು ಒಪ್ಪಿದ್ದು ಮೂರನೆಯದನ್ನು. ಎರಡರ ನಡುವೆ ಏನು ಬದಲಿಸಿದ್ದೆ ಎಂದು ನೆನಪಿನಿಂದ ಹೇಳುವುದು ಆಗದ ಮಾತು. ಆದರೆ ಕಳಿಸಿದ ಮೂರನೇ ವರ್ಷನ್ನಿನ ವಿಡಿಯೋ ಫೈಲ್ ನನ್ನ ಬಳಿ ಇತ್ತು. ಅದು ಸಾಕ್ಷಿ. ಹೊಸ ಸೀಕ್ವೆನ್ಸಿನಲ್ಲಿ ಕೆಳಗಿನ ಟ್ರ್ಯಾಕಿಗೆ `Dhare_from_V02`, ಮೇಲಿನ ಟ್ರ್ಯಾಕಿಗೆ ಆ ವಿಡಿಯೋದ ಧಾರೆ ಭಾಗ ಇಟ್ಟು, ಮೊದಲ ಫ್ರೇಮ್ ಹೊಂದಿಸಿದೆ. ಮೇಲಿನದನ್ನು ಆರಿಸಿ `Effect Controls > Opacity > Blend Mode`ನಲ್ಲಿ `Difference` ಕೊಟ್ಟೆ. ಈ ಬಗೆಯಲ್ಲಿ ಮೇಲಿನ ಚಿತ್ರ, ಕೆಳಗಿನ ಚಿತ್ರ ಒಂದೇ ಆಗಿದ್ದರೆ ಪರದೆ ಕಪ್ಪಾಗುತ್ತದೆ, ಬೇರೆಯಾದ ಕಡೆ ಆಕಾರಗಳು ಬೆಳಗುತ್ತವೆ. ಕಳಿಸಿದ ಫೈಲ್ ಕಂಪ್ರೆಸ್ ಆಗಿರುವುದರಿಂದ ಅಪ್ಪಟ ಕಪ್ಪು ಬರುವುದಿಲ್ಲ, ಸೀರೆಯ ಜರಿ ಅಂಚು, ಹೂವಿನ ಎಸಳುಗಳ ಸುತ್ತ ಮಸುಕು ಗೆರೆ ಮಿನುಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಳಿಸಿದ್ದು ಚಿಕ್ಕ ಅಳತೆಯದಾಗಿದ್ದರೆ ಮೊದಲು ಫ್ರೇಮಿಗೆ ಸರಿಯಾಗಿ ಹಿಗ್ಗಿಸಿಕೊಳ್ಳಿ.

ಪ್ಲೇ ಮಾಡಿದೆ. ಸುಮಾರು ಎರಡು ನಿಮಿಷ ಕಪ್ಪು. ಆಮೇಲೆ ಒಂದು ಶಾಟ್ ಪೂರ್ತಿ ಬೆಳಗಿ, ಅದು ಮುಗಿಯುತ್ತಲೇ ಮತ್ತೆ ಕಪ್ಪಾಯಿತು. ಇದರರ್ಥ ಶಾಟ್ ಬದಲಾಗಿದೆ, ಉದ್ದ ಬದಲಾಗಿಲ್ಲ. ನೋಡಿದರೆ ಬೀಗರ ಕಡೆಯ ಹಿರಿಯರೊಬ್ಬರ ಶಾಟನ್ನು ಮೂರನೇ ವರ್ಷನ್ನಿನಲ್ಲಿ ಹಾಕಿದ್ದೆ. ಅದನ್ನು ಸರಿಪಡಿಸಿ ಮುಂದಕ್ಕೆ ಹೋದೆ. ನಾಲ್ಕನೇ ನಿಮಿಷದ ಹತ್ತಿರ ಇನ್ನೊಮ್ಮೆ ಬೆಳಗಿತು, ಈ ಸಲ ಕೊನೆಯವರೆಗೂ ಆರಲೇ ಇಲ್ಲ. ಹೀಗೆ ಒಂದು ಕಟ್‌ನಿಂದಾಚೆ ಎಲ್ಲವೂ ಬೆಳಗುತ್ತಿದ್ದರೆ ಅಲ್ಲಿ ಉದ್ದ ವ್ಯತ್ಯಾಸವಾಗಿದೆ, ಮುಂದಿನದೆಲ್ಲ ಸರಿದು ಕೂತಿದೆ ಎಂದು ತಿಳಿಯಿರಿ. ಆ ಕಟ್‌ನಲ್ಲಿ 12 ಫ್ರೇಮ್ ಕಡಿಮೆ ಮಾಡಿದ ಕೂಡಲೇ ಉಳಿದದ್ದೆಲ್ಲ ಒಟ್ಟಿಗೆ ಕಪ್ಪಾಯಿತು. ಅಜ್ಜಿ ಅಕ್ಷತೆ ಹಾಕುವ ಶಾಟ್ ಕೂಡ ತನ್ನ ಜಾಗದಲ್ಲೇ ಇತ್ತು. ಇದಿಷ್ಟಕ್ಕೆ ಹಿಡಿದದ್ದು ಮುಕ್ಕಾಲು ಗಂಟೆ.

ಆ ಹಳೆಯ ಪ್ರಾಜೆಕ್ಟ್ ಫೈಲೂ ಸಿಗದೆ ಹೋಗಿದ್ದರೆ? ಆಗಲೂ ಕಳಿಸಿದ ವಿಡಿಯೋ ಒಂದಿದ್ದರೆ ದಾರಿ ಇದೆ, ಕೆಲಸ ಮಾತ್ರ ಜಾಸ್ತಿ. ವಿಡಿಯೋವನ್ನು ಟೈಮ್‌ಲೈನಿಗೆ ಹಾಕಿ, ರೈಟ್ ಕ್ಲಿಕ್ ಮಾಡಿ `Scene Edit Detection` ಕೊಟ್ಟರೆ ಕಟ್ ಇರುವ ಕಡೆಯಲ್ಲೆಲ್ಲ ಪ್ರೀಮಿಯರ್ ತಾನೇ ಕತ್ತರಿಸಿ ಕೊಡುತ್ತದೆ. ಆ ತುಂಡುಗಳ ಕೆಳಗೆ ಮೂಲ ಫೂಟೇಜ್‌ನಿಂದ ಒಂದೊಂದೇ ಶಾಟ್ ತಂದು, ಅದೇ `Difference` ಇಟ್ಟುಕೊಂಡು ಫ್ರೇಮ್ ಹೊಂದಿಸುತ್ತಾ ಹೋಗಬೇಕು. ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಇದ್ದ ಕಡೆ ಯಂತ್ರಕ್ಕೆ ಕಟ್ ಗೊತ್ತಾಗದೆ ಹೋಗಬಹುದು, ಅವನ್ನು ಕೈಯಲ್ಲಿ ಹುಡುಕಿ. ಈ ಕಾರಣಕ್ಕೇ ಈಗ ನಾನು ಕಳಿಸುವ ಪ್ರತಿ ವರ್ಷನ್ನಿನ ಜೊತೆ ಒಂದು ಪ್ರೋರೆಸ್ 422 ಪ್ರತಿಯನ್ನೂ ತೆಗೆದಿಡುತ್ತೇನೆ. ವಾಟ್ಸಾಪಿಗೆ ಹೋದ ಪ್ರತಿಯಿಂದ ಕಟ್ ಗುರುತಿಸಬಹುದೇ ಹೊರತು ಅದರ ಚಿತ್ರವನ್ನು ಫಿಲ್ಮಿಗೆ ಹಾಕಲಾಗುವುದಿಲ್ಲ. ಪ್ರೋರೆಸ್ ಪ್ರತಿ ಇದ್ದರೆ, ತೀರಾ ಅವಸರವಿದ್ದಾಗ ಆ ಎರಡು ನಿಮಿಷವನ್ನು ಅದರಿಂದಲೇ ಕತ್ತರಿಸಿ ಹಾಕಬಹುದು, ನೋಡಿದವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಮತ್ತೆ ಆಗದ ಹಾಗೆ

ಸೀಕ್ವೆನ್ಸ್ ನಕಲು ಮಾಡುವುದನ್ನು ವರ್ಷನ್ ಇಡುವುದು ಎಂದುಕೊಳ್ಳುವುದನ್ನು ಬಿಟ್ಟೆ. ಈಗ ಕ್ಲೈಂಟ್‌ನಿಂದ ಒಂದು ಸುತ್ತಿನ ಬದಲಾವಣೆ ಬಂದರೆ, ಒಂದು ಕಟ್ ಕೂಡ ಮುಟ್ಟುವ ಮೊದಲು `File > Save As` ಕೊಟ್ಟು ಪ್ರಾಜೆಕ್ಟ್ ಫೈಲಿಗೇ ಹೊಸ ಅಂಕೆ ಹಾಕುತ್ತೇನೆ. `Maduve017_V03.prproj` ಅಲ್ಲಿಗೆ ನಿಂತಿತು, ಕೆಲಸ `Maduve017_V04.prproj`ಯಲ್ಲಿ ನಡೆಯುತ್ತದೆ. ನೆಸ್ಟುಗಳು, ಮಲ್ಟಿಕ್ಯಾಮ್ ಸೋರ್ಸುಗಳು, ಮೂಲಕ್ಕೆ ಹಾಕಿದ ಎಫೆಕ್ಟುಗಳು ಎಲ್ಲವೂ ಪ್ರಾಜೆಕ್ಟ್ ಫೈಲಿನ ಒಳಗೇ ಇರುವುದರಿಂದ, ಫೈಲ್ ಬೇರೆಯಾದರೆ ಅವೂ ಬೇರೆಯಾದವು. `Save a Copy`ಯೊಂದಿಗೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅದರಲ್ಲಿ ನಕಲು ಪಕ್ಕಕ್ಕೆ ಹೋಗುತ್ತದೆ, ನೀವು ಮಾತ್ರ ಹಳೆಯ ಫೈಲಿನಲ್ಲೇ ಉಳಿದಿರುತ್ತೀರಿ. ಅಂಕೆ ಹಾಕಿದೆ ಎಂದುಕೊಂಡು `V03`ಯಲ್ಲೇ ಕತ್ತರಿ ಆಡಿಸುವ ತಪ್ಪು ಅಲ್ಲಿಂದ ಆಗುತ್ತದೆ. ಪರದೆಯ ಮೇಲ್ತುದಿಯಲ್ಲಿ ಫೈಲಿನ ಹೆಸರು ನೋಡಿಯೇ ಶುರು ಮಾಡಿ.

ಕಳಿಸಿ ಆದ ಮೇಲೆ ಆ ಅಂಕೆಯ ಫೈಲನ್ನು ವಿಂಡೋಸ್‌ನ `Properties`ನಲ್ಲಿ `Read-only` ಮಾಡುತ್ತೇನೆ. ಮರೆತು ತೆರೆದರೂ ಅದರ ಮೇಲೆ ಸೇವ್ ಆಗುವುದಿಲ್ಲ.

ಒಂದೇ ಪ್ರಾಜೆಕ್ಟಿನಲ್ಲಿ ಎರಡು ಬಗೆಯ ಧಾರೆಯನ್ನು ಪಕ್ಕಪಕ್ಕ ಇಟ್ಟು ತೋರಿಸಲೇಬೇಕಾದ ಸಂದರ್ಭವೂ ಬರುತ್ತದೆ. ಆಗ ಮುಖ್ಯ ಸೀಕ್ವೆನ್ಸಿನ ಜೊತೆ ನೆಸ್ಟನ್ನೂ ಬಿನ್‌ನಲ್ಲಿ ನಕಲು ಮಾಡಿ ಹೆಸರು ಬದಲಿಸಿ. ಆಮೇಲೆ `Shift` ಮತ್ತು `Alt` ಒಟ್ಟಿಗೆ ಹಿಡಿದು, ಹೊಸ ನೆಸ್ಟನ್ನು ಹೊಸ ಸೀಕ್ವೆನ್ಸಿನಲ್ಲಿರುವ ಹಳೆಯ ನೆಸ್ಟಿನ ಮೇಲೆ ಎಳೆದು ಬಿಡಿ. ಹಳೆಯದರ ಶುರುವಿನ ಜಾಗ, ಅದರ ಮೇಲಿದ್ದ ಎಫೆಕ್ಟುಗಳು ಉಳಿದು, ಒಳಗಿನದು ಮಾತ್ರ ಬದಲಾಗುತ್ತದೆ. ನೆಸ್ಟಿನೊಳಗೆ ಇನ್ನೊಂದು ನೆಸ್ಟ್ ಇದ್ದರೆ ಅದಕ್ಕೂ ಇದೇ ಉಪಚಾರ ಆಗಬೇಕು. ಇಷ್ಟು ಗಲಾಟೆ ಇರುವುದರಿಂದಲೇ ನನಗೆ ಪ್ರಾಜೆಕ್ಟ್ ಫೈಲನ್ನೇ ಬೇರೆ ಮಾಡುವುದು ಇಷ್ಟ.

ಹೊರಗಿನ ಫೈಲುಗಳಿಗೆ ನಿಯಮ ಇನ್ನೂ ಚಿಕ್ಕದು: ಪ್ರಾಜೆಕ್ಟಿಗೆ ಒಮ್ಮೆ ಬಂದ ಫೈಲಿನ ಮೇಲೆ ಇನ್ನೊಂದನ್ನು ಹಾಕುವಂತಿಲ್ಲ. ಹೊಸ ಹಾಡು `song_end_V04.wav` ಆಗಿಯೇ ಬರಬೇಕು.

ಕ್ಲೈಂಟ್ ಹೇಳುವ ವರ್ಷನ್ ಯಾವುದು ಎಂಬುದೂ ಒಂದು ತೊಡಕು. ವಾಟ್ಸಾಪಿನಲ್ಲಿ ವಿಡಿಯೋ ಆಗಿ ಹೋದ ಫೈಲಿಗೆ ನೀವಿಟ್ಟ ಹೆಸರು ಉಳಿಯುವುದಿಲ್ಲ. ಮನೆಯವರ ಫೋನಿನಲ್ಲಿ ನಾಲ್ಕು ಫೈಲು ಇರುತ್ತವೆ, "ಮೊದಲಿನದು" ಎಂದರೆ ಯಾವುದೆಂದು ಅವರಿಗೂ ಗೊತ್ತಿರುವುದಿಲ್ಲ. ನೋಡಲು ಕಳಿಸುವ ಪ್ರತಿಯ ಮೂಲೆಯಲ್ಲಿ `V03` ಎಂದು ಸಣ್ಣದಾಗಿ, ಪಕ್ಕದಲ್ಲಿ ಓಡುವ ಟೈಮ್‌ಕೋಡ್ ಹಾಕಿ. "ಮೂಲೇಲಿ ಏನು ಬರೆದಿದೆ ನೋಡಿ ಹೇಳಿ" ಎಂದು ಕೇಳಿದರೆ ಮಾತು ಮುಗಿಯಿತು.

ಬ್ಯಾಕಪ್ ಇದೆ, ತೆರೆದರೆ ಕೆಂಪು ಪರದೆ

ಫೈಲಿಗೆ ಅಂಕೆ ಹಾಕುವುದು ನಮ್ಮ ಕೈತಪ್ಪಿನಿಂದ ಕಾಪಾಡುತ್ತದೆ, ಡಿಸ್ಕ್ ಸತ್ತರೆ ಕಾಪಾಡುವುದಿಲ್ಲ. ಅದಕ್ಕೆ ಇನ್ನೊಂದು ಡಿಸ್ಕಿನಲ್ಲಿ ನಕಲು ಬೇಕು. ಬಹಳ ಜನ ಇಟ್ಟಿರುತ್ತಾರೆ ಕೂಡ. ಆದರೆ ಬೇಕಾದ ದಿನ ತೆರೆದರೆ ಅರ್ಧ ಕ್ಲಿಪ್ಪುಗಳ ಜಾಗದಲ್ಲಿ ಕೆಂಪು `Media Offline` ಕಾಣುತ್ತದೆ.

ಕಾರಣ ಮತ್ತೆ ವಿಳಾಸವೇ. ಹಾಡು `Downloads`ನಲ್ಲಿತ್ತು, ಸ್ಟುಡಿಯೋ ಲೋಗೋ ಡೆಸ್ಕ್‌ಟಾಪ್ ಮೇಲಿತ್ತು, ಲಗ್ನಪತ್ರಿಕೆಯ ಫೋಟೋ ವಾಟ್ಸಾಪ್ ಫೋಲ್ಡರಿನಲ್ಲಿತ್ತು. ಬ್ಯಾಕಪ್ ಮಾಡಿದ್ದು `D:` ಡ್ರೈವಿನ ಕೆಲಸದ ಫೋಲ್ಡರನ್ನು ಮಾತ್ರ. ಬ್ಯಾಕಪ್ ಮಾಡಿದ ದಿನವೇ ತೆರೆದು ನೋಡಿದ್ದರೂ ಇದು ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಬ್ಯಾಕಪ್ ಡಿಸ್ಕಿನ ಪ್ರಾಜೆಕ್ಟ್ ತೆರೆದಾಗಲೂ ಪ್ರೀಮಿಯರ್ ಹಳೆಯ ವಿಳಾಸದಲ್ಲಿರುವ ಮೂಲ ಫೈಲುಗಳನ್ನೇ ಓದಿ ಎಲ್ಲ ಸರಿಯಿದೆ ಎಂದು ತೋರಿಸುತ್ತದೆ. ಪರೀಕ್ಷೆ ನಿಜವಾಗಬೇಕಾದರೆ ಬ್ಯಾಕಪ್ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ ತೆರೆಯಬೇಕು. ಡ್ರೈವ್ ಅಕ್ಷರ ಬದಲಾಗಿರುವುದರಿಂದ ಅಲ್ಲಿ ಫೈಲ್ ಎಲ್ಲಿದೆ ಎಂದು ಕೇಳುತ್ತದೆ. `Locate` ಒತ್ತಿ ಒಂದನ್ನು ತೋರಿಸಿದರೆ ಅದರ ಸುತ್ತಲಿನವನ್ನು ತಾನೇ ಜೋಡಿಸಿಕೊಳ್ಳುತ್ತದೆ. ಆಮೇಲೂ ಕೆಂಪಾಗಿ ಉಳಿದದ್ದೇನಿದೆಯೋ ಅದು ನಿಮ್ಮ ಬ್ಯಾಕಪ್‌ನಲ್ಲಿ ಇಲ್ಲ. ಆ ಕಂಪ್ಯೂಟರಿನ ಪ್ರೀಮಿಯರ್ ನಿಮ್ಮದಕ್ಕಿಂತ ಹಳೆಯದಾಗಿರಬಾರದು, ಹೊಸ ಆವೃತ್ತಿಯ ಪ್ರಾಜೆಕ್ಟ್ ಹಳೆಯದರಲ್ಲಿ ತೆರೆಯುವುದಿಲ್ಲ.

ಅದೇ ಪರೀಕ್ಷೆಯಲ್ಲಿ ಕನ್ನಡದ ಟೈಟಲ್‌ಗಳನ್ನೂ ನೋಡಿ. ನುಡಿ, ಬರಹದ ಹಳೆಯ ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ವಧೂವರರ ಹೆಸರು ಬರೆದಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಬಳಸಿದ ಫಾಂಟ್ ಫೈಲನ್ನೂ ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಡಿ.

ನಾನು ಹೊರಗಿನಿಂದ ಬಂದ ಯಾವ ಫೈಲನ್ನೂ ಮೊದಲು ಕೆಲಸದ ಫೋಲ್ಡರಿಗೆ ಹಾಕದೆ ಇಂಪೋರ್ಟ್ ಮಾಡುವುದಿಲ್ಲ. ಆ ಫೋಲ್ಡರಿನೊಳಗೆ ನಾಲ್ಕೇ ಭಾಗ: `01_Project`, `02_Footage`, `03_Audio_Photo_Font`, `04_Export`. ನಕಲು ಮಾಡುವಾಗ ಫೂಟೇಜನ್ನು ಒಂದು ಬಗೆ, ಪ್ರಾಜೆಕ್ಟನ್ನು ಇನ್ನೊಂದು ಬಗೆ ನೋಡಿಕೊಳ್ಳುತ್ತೇನೆ. ಫೂಟೇಜ್ ಎಂದೂ ಬದಲಾಗಬಾರದ ವಸ್ತು, 400 ಜಿಬಿ ತೂಗುತ್ತದೆ. ಅದಕ್ಕೆ ಈ ಕಮಾಂಡ್:

```
robocopy D:\Maduve017\02_Footage F:\Maduve017\02_Footage /E /XC /XN /XO
```

`/E` ಒಳಗಿನ ಎಲ್ಲ ಫೋಲ್ಡರುಗಳನ್ನೂ ಒಯ್ಯುತ್ತದೆ. ಕೊನೆಯ ಮೂರು ಸೇರಿ, ಅಲ್ಲಿ ಆಗಲೇ ಇರುವ ಯಾವ ಫೈಲನ್ನೂ ಮುಟ್ಟಬೇಡ, ಇಲ್ಲದ್ದನ್ನು ಮಾತ್ರ ಸೇರಿಸು ಎಂದು ಹೇಳುತ್ತವೆ. ಇಲ್ಲಿ ಕೈತಪ್ಪಿ ಒಂದು ಕ್ಲಿಪ್ ಹಾಳಾದರೂ ಬ್ಯಾಕಪ್ಪಿನ ಒಳ್ಳೆಯ ಪ್ರತಿಯ ಮೇಲೆ ಅದು ಹೋಗಿ ಕೂರುವುದಿಲ್ಲ. `03_Audio_Photo_Font` ಮತ್ತು `04_Export`ಗೂ ಇದೇ ಸಾಲು, ಫೋಲ್ಡರಿನ ಹೆಸರು ಮಾತ್ರ ಬೇರೆ.

ಪ್ರಾಜೆಕ್ಟ್ ಫೋಲ್ಡರ್ ದಿನವೂ ಬದಲಾಗುವಂಥದ್ದು, ತೂಕವೂ ಇಲ್ಲ. ಅದನ್ನು ಪ್ರತಿ ಸಂಜೆ ಆ ದಿನದ ತಾರೀಖಿನ ಹೊಸ ಫೋಲ್ಡರಿಗೆ ಹಾಕುತ್ತೇನೆ:

```
robocopy D:\Maduve017\01_Project F:\Maduve017\Project_0212 /E
```

ಆಟೋಸೇವ್ ಫೋಲ್ಡರೂ ಇದರೊಳಗೇ ಇರುವುದರಿಂದ ಆ ದಿನದ ಕೊನೆಯ ಇಪ್ಪತ್ತು ಪ್ರತಿಗಳೂ ಉಳಿಯುತ್ತವೆ. ನಾಳೆ ಅವು ಮೂಲದಲ್ಲಿ ಅಳಿದರೂ ಇಲ್ಲಿ ಅಳಿಯುವುದಿಲ್ಲ. ಪ್ರಿವ್ಯೂ ಫೈಲುಗಳು ಆ ಫೋಲ್ಡರಿನಲ್ಲಿ ಸೇರಿಕೊಂಡು ಭಾರವಾಗಿದ್ದರೆ, ಸಾಲಿನ ಕೊನೆಗೆ `/XD "Adobe Premiere Pro Video Previews"` ಸೇರಿಸಿ ಬಿಟ್ಟುಬಿಡಿ, ಅವನ್ನು ಮತ್ತೆ ರೆಂಡರ್ ಮಾಡಿಕೊಳ್ಳಬಹುದು.

ಹಲವು ಕಡೆ `/MIR` ಬಳಸಿ ಎಂದು ಹೇಳುತ್ತಾರೆ. ಈ ಕೆಲಸಕ್ಕೆ ಅದು ಬೇಡ. ಮೂಲದಲ್ಲಿ ಅಳಿಸಿದ್ದನ್ನೆಲ್ಲ ಅದು ಬ್ಯಾಕಪ್‌ನಲ್ಲೂ ಅಳಿಸುತ್ತದೆ, ಕೆಟ್ಟದ್ದನ್ನು ಒಳ್ಳೆಯದರ ಮೇಲೆ ಬರೆಯುತ್ತದೆ. ಕ್ಲೌಡಿಗೆ ತಾನೇ ಸಿಂಕ್ ಆಗುವ ಫೋಲ್ಡರ್ ಮಾಡುವುದೂ ಅದನ್ನೇ, ಸ್ವಲ್ಪ ಮೃದುವಾಗಿ. ಗೂಗಲ್ ಡ್ರೈವ್ ಇಂಥ ಫೈಲುಗಳ ಹಳೆಯ ವರ್ಷನ್ನುಗಳನ್ನು ಸಾಮಾನ್ಯವಾಗಿ 30 ದಿನ ಇಟ್ಟು ಆಮೇಲೆ ತೆಗೆಯುತ್ತದೆ. ಮದುವೆ ಮನೆಯವರ ಬದಲಾವಣೆ ಎರಡು ತಿಂಗಳ ಮೇಲೆ, ಊರಿಂದ ನೆಂಟರು ಬಂದು ನೋಡಿದಾಗ ಬರುತ್ತದೆ. ಹಾಗಾಗಿ ಕ್ಲೌಡಿಗೂ ಅಂಕೆ ಹಾಕಿದ ಬೇರೆ ಬೇರೆ ಪ್ರಾಜೆಕ್ಟ್ ಫೈಲುಗಳನ್ನೇ ಏರಿಸುತ್ತೇನೆ. 400 ಜಿಬಿ ಏರಿಸುವ ಇಂಟರ್ನೆಟ್ ಎಲ್ಲರಿಗೂ ಇರುವುದಿಲ್ಲ. ಫೂಟೇಜಿನ ಒಂದು ಪ್ರತಿ ಸ್ಟುಡಿಯೋದವರ ಡಿಸ್ಕಿನಲ್ಲಿ ಇನ್ನೊಂದು ಊರಲ್ಲಿ ಇರುತ್ತದಲ್ಲ, ಕೊನೆಯ ಫೈಲ್ ಒಪ್ಪಿಗೆಯಾಗುವವರೆಗೆ ಅದನ್ನು ಅಳಿಸಬೇಡಿ ಎಂದು ಅವರಿಗೆ ಮೊದಲ ದಿನವೇ ಹೇಳಿಡುತ್ತೇನೆ.

ಕೆಲಸ ಮುಗಿದು ಎಲ್ಲವನ್ನೂ ಒಂದು ಡಿಸ್ಕಿಗೆ ಕಟ್ಟಿಡುವಾಗ `File > Project Manager`ನಲ್ಲಿ `Collect Files and Copy to New Location` ಅನುಕೂಲ, ಚದುರಿದ ಫೈಲುಗಳನ್ನೂ ಒಟ್ಟುಮಾಡುತ್ತದೆ. ಅಲ್ಲಿ `Exclude Unused Clips` ಎಂಬ ಟಿಕ್ ತೆಗೆಯಿರಿ. ಜಾಗ ಉಳಿಯುತ್ತದೆ ಎಂದು ಬಿಟ್ಟರೆ, ಯಾವ ವರ್ಷನ್ನಿನಲ್ಲೂ ಬಳಸದ ಕ್ಲಿಪ್ಪುಗಳು ಆ ಡಿಸ್ಕಿಗೆ ಬರುವುದಿಲ್ಲ. ಮೂರು ತಿಂಗಳ ಮೇಲೆ ಫೋನ್ ಮಾಡುವವರು ಕೇಳುವುದು ಅಂಥದ್ದೇ ಒಂದು ಕ್ಲಿಪ್ಪನ್ನು.